ಎಂಟು ತೆಂಗಿನ ಮರ, ಎಪ್ಪತ್ತು ಗುಂಪು

ಪೆರ್ಲದ ಮಾವ ವಾಟ್ಸಾಪಿನಲ್ಲಿ ಡೈರಿಯ ಒಂದು ಪುಟದ ಫೋಟೋ ಕಳಿಸಿದರು. ನಾಲ್ಕು ತೆಂಗಿನ ಮರಗಳ ಬುಡಕ್ಕೆ ಸಿಪ್ಪೆ ಹೂಳಿದ್ದರು, ಇನ್ನು ನಾಲ್ಕನ್ನು ಹಾಗೇ ಬಿಟ್ಟಿದ್ದರು. ಒಂದು ಕೊಯ್ಲಿನಲ್ಲಿ ಸಿಕ್ಕ ಕಾಯಿಗಳ ಲೆಕ್ಕ ಅದು. "ನಿಜವಾಗಿ ವ್ಯತ್ಯಾಸ ಉಂಟಾ, ನೋಡಿ ಹೇಳು ಮಾರಾಯ" ಎಂದರು.

ಸಿಪ್ಪೆ ಹಾಕಿದವು: 14, 17, 12, 16.
ಹಾಕದವು: 9, 13, 11, 10.

ಇದರಲ್ಲಿ 11 ಸರಿಯಾಗಿ ಕಾಣುತ್ತಿರಲಿಲ್ಲ. ಶಾಯಿ ಹರಡಿತ್ತು, ನಾನು ಮೊದಲು 17 ಅಂತಲೇ ಓದಿದೆ. ಫೋಟೋ ದೊಡ್ಡದು ಮಾಡಿದಾಗ ಸಾಲಿನ ಕೆಳಗೆ ಮಾವ ಕೂಡಿಸಿ ಬರೆದ 43 ಕಂಡಿತು. 17 ಆಗಿದ್ದರೆ 49 ಬರಬೇಕಿತ್ತು. ಹಾಗಾಗಿ ಅದು 11.

ಸರಾಸರಿಗಳು 14.75 ಮತ್ತು 10.75, ವ್ಯತ್ಯಾಸ 4 ಕಾಯಿ. ಸಿಪ್ಪೆಯಿಂದ ಏನೂ ಆಗಿಲ್ಲ ಅಂತ ಇಟ್ಟುಕೊಳ್ಳೋಣ. ಆಗ ಪ್ರತಿ ಮರವೂ ಹೇಗಿದ್ದರೂ ಅಷ್ಟೇ ಕಾಯಿ ಕೊಡುತ್ತಿತ್ತು, 'ಸಿಪ್ಪೆ ಹಾಕಿದ್ದು' ಎಂಬುದು ಸುಮ್ನೆ ಒಂದು ಚೀಟಿ. ಆ ನಾಲ್ಕು ಚೀಟಿಗಳನ್ನು ಎಂಟು ಮರಗಳಿಗೆ ಎಷ್ಟು ರೀತಿ ಅಂಟಿಸಬಹುದು? (8×7×6×5)÷(4×3×2×1) = 70. ಈ 70ರಲ್ಲಿ ಎಷ್ಟರಲ್ಲಿ 4 ಕಾಯಿ ಅಥವಾ ಅದಕ್ಕಿಂತ ಜಾಸ್ತಿ ವ್ಯತ್ಯಾಸ ಬರುತ್ತದೆ ಎಂದು ಎಣಿಸುವುದೇ ಪರ್ಮ್ಯುಟೇಶನ್ ಟೆಸ್ಟ್.

ಎಪ್ಪತ್ತು ಸಲವೂ ಸರಾಸರಿ ತೆಗೆಯುವ ಕೆಲಸ ಇಲ್ಲ. ಎಂಟೂ ಮರದ ಒಟ್ಟು ಕಾಯಿ 102, ಅದು ಬದಲಾಗುವುದಿಲ್ಲ. ಒಂದು ಗುಂಪಿನ ಮೊತ್ತ ಗೊತ್ತಾದರೆ ವ್ಯತ್ಯಾಸವೂ ಗೊತ್ತಾಯಿತು, ಅಲ್ವಾ? ಸಿಪ್ಪೆ ಗುಂಪಿನ ಮೊತ್ತ 59. ಅಷ್ಟು ಅಥವಾ ಅದಕ್ಕಿಂತ ಜಾಸ್ತಿ ಬರುವ ಗುಂಪುಗಳನ್ನು ದೊಡ್ಡ ಸಂಖ್ಯೆಗಳಿಂದ ಶುರುಮಾಡಿ ಹುಡುಕಿದೆ. 17+16+14+13 ಅಂದರೆ 60. 17+16+14+12 ಅಂದರೆ 59. ಮುಂದಿನದು 58ಕ್ಕೆ ಇಳಿಯಿತು. ಎರಡೇ ಗುಂಪು.

ಮಾವ ಕೇಳಿದ್ದು ವ್ಯತ್ಯಾಸ ಉಂಟಾ ಎಂದು, ಜಾಸ್ತಿ ಆಯಿತಾ ಎಂದಲ್ಲ. ಹಾಗಾಗಿ ಇನ್ನೊಂದು ಕಡೆಯನ್ನೂ ಎಣಿಸಬೇಕು. ಮೊತ್ತ 43 ಅಥವಾ ಅದಕ್ಕಿಂತ ಕಡಿಮೆ ಬರುವ ಗುಂಪುಗಳೂ ಎರಡು. ಒಟ್ಟು 70ರಲ್ಲಿ 4, ಸುಮಾರು 0.057. ಬರೀ ಅದೃಷ್ಟದಿಂದ ಇಷ್ಟು ವ್ಯತ್ಯಾಸ ಬರುವುದು ಅಪರೂಪ, ಆದರೆ ಆಗದ ಮಾತಲ್ಲ. ಲೆಕ್ಕ ನೋಡಿದ ಮೇಲೆ ಒಂದೇ ಕಡೆ ಎಣಿಸಿ 70ರಲ್ಲಿ 2 ಎಂದು ಹೇಳುವುದು ನನಗೆ ಸರಿ ಕಾಣಲಿಲ್ಲ.

ಆ 11ನ್ನು 17 ಎಂದೇ ಇಟ್ಟಿದ್ದರೆ? ಅದನ್ನೂ ಎಣಿಸಿದೆ. ಈಗ ಎರಡು 17 ಇವೆ, ಅವು ಬೇರೆ ಬೇರೆ ಮರ, ಹಾಗಾಗಿ ಬೇರೆ ಬೇರೆಯಾಗಿಯೇ ಎಣಿಸಬೇಕು. ಒಂದು ಕಡೆ 12, ಎರಡೂ ಕಡೆ ಸೇರಿ 24. 70ರಲ್ಲಿ 24! ಒಂದು ಅಂಕಿ ತಪ್ಪಿದ್ದರೆ ಉತ್ತರವೇ ಬೇರೆ ಆಗುತ್ತಿತ್ತು.

ಸಿಪ್ಪೆ ಹಾಕುವ ಮರಗಳನ್ನು ಹೇಗೆ ಆರಿಸಿದಿರಿ ಎಂದು ಮಾವನನ್ನು ಕೇಳಿದೆ. "ತೋಡಿನ ಹತ್ತಿರದ ನಾಲ್ಕು, ಹೂಳಲು ಸುಲಭ" ಎಂದರು. ನೀರು ಕೂಡ ಅಲ್ಲೇ ಜಾಸ್ತಿ. ವ್ಯತ್ಯಾಸ ಸಿಪ್ಪೆಯದ್ದೋ ತೋಡಿನದ್ದೋ ಎಂದು ನನ್ನ ಎಣಿಕೆ ಹೇಳಲಾರದು, ಮಾವನಿಗೂ ಹಾಗೇ ಹೇಳಿದೆ. ಮುಂದಿನ ಸಲಕ್ಕೆ ಹನ್ನೆರಡು ಮರಗಳ ನಂಬರು ಬರೆದು, ಚೀಟಿ ಎತ್ತಿ ಆರನ್ನು ಆರಿಸುವುದೆಂದು ಮಾತಾಗಿದೆ. ಆಗ ಗುಂಪುಗಳು 924.