ಟೂರ್ನಮೆಂಟ್ ಪ್ರಕಟಣೆ ಬಂತು, ಮಗಳನ್ನು ಯಾವ ವಿಭಾಗಕ್ಕೆ ಹಾಕೋದು?

ಕಾರವಾರಕ್ಕೆ ಹೊಸದಾಗಿ ಬಂದ ಮನೆಯವರಿಗೆ ನಮ್ಮ ಕನ್ನಡ ಸಂಘದಿಂದ

ಕೈಗಾಕ್ಕೋ, ನೌಕಾನೆಲೆಗೋ, ಯಾವುದೋ ಬ್ಯಾಂಕಿಗೋ ವರ್ಗವಾಗಿ ಬಂದವರು ಮನೆ, ಶಾಲೆ, ಗ್ಯಾಸ್ ಎಲ್ಲ ಸರಿಮಾಡಿಕೊಳ್ಳುವಷ್ಟರಲ್ಲಿ ಮಕ್ಕಳು ಬ್ಯಾಟ್ ಹಿಡಿದು ನಿಂತಿರುತ್ತಾರೆ. ವಾಲಿಬಾಲ್, ಕಬಡ್ಡಿ ಆದರೆ ಚಿಂತೆ ಇಲ್ಲ. ತಂಡದವರೇ ಹೆಸರು ಕೊಡುತ್ತಾರೆ, ಶುಲ್ಕವನ್ನೂ ಅವರೇ ಕಟ್ಟುತ್ತಾರೆ. ಶಟಲ್ ಬ್ಯಾಡ್ಮಿಂಟನ್ ಹಾಗಲ್ಲ. ಅಲ್ಲಿ ಪ್ರಕಟಣೆ ಓದಿ, ವಿಭಾಗ ಆರಿಸಿ, ದುಡ್ಡು ಕಟ್ಟುವುದು ಅಪ್ಪ ಅಮ್ಮನ ಕೆಲಸ. ಕ್ಲಬ್‌ನವರು ಹಾಕುವ ಪ್ರಕಟಣೆ ಹತ್ತು ಸಾಲು ಇರುತ್ತದೆ, ಅಷ್ಟರಲ್ಲೇ ಎಲ್ಲ ತುರುಕಿರುತ್ತಾರೆ. ನಮ್ಮ ಕಡೆ ಸಾಮಾನ್ಯವಾಗಿ ಕಾಣುವ ರೀತಿಯದ್ದೊಂದನ್ನು ಮಾದರಿಗೆಂದು ಬರೆದುಕೊಂಡಿದ್ದೇವೆ:

ಜಿಲ್ಲಾ ಮಟ್ಟದ ಶಟಲ್ ಬ್ಯಾಡ್ಮಿಂಟನ್ ಪಂದ್ಯಾವಳಿ. ನವೆಂಬರ್ 21 ಮತ್ತು 22, 2026 (ಶನಿವಾರ, ಭಾನುವಾರ), ಕಾರವಾರ.
ಬಾಲಕ, ಬಾಲಕಿಯರ ಸಿಂಗಲ್ಸ್: 11, 13, 15, 17 ವರ್ಷದೊಳಗೆ. ಡಬಲ್ಸ್: 15 ವರ್ಷದೊಳಗೆ.
ಪುರುಷರ ಡಬಲ್ಸ್: ಮುಕ್ತ ಮತ್ತು 80+.
ವಯಸ್ಸಿನ ಲೆಕ್ಕ 01-01-2026ಕ್ಕೆ. ಜನನ ಪ್ರಮಾಣಪತ್ರ ಕಡ್ಡಾಯ.
ಪ್ರವೇಶ ಶುಲ್ಕ: ಸಿಂಗಲ್ಸ್ ₹400, ಡಬಲ್ಸ್ ಜೋಡಿಗೆ ₹700. ಒಬ್ಬರಿಗೆ ಎರಡು ವಿಭಾಗ ಮಾತ್ರ.
ಉ.ಕ. ಜಿಲ್ಲೆಯ ಆಟಗಾರರಿಗೆ ಮಾತ್ರ. ನಾನ್ ಮಾರ್ಕಿಂಗ್ ಶೂ ಕಡ್ಡಾಯ.
ಹೆಸರು ಕೊಡಲು ಕೊನೆಯ ದಿನ: ನವೆಂಬರ್ 15, ಸಂಜೆ 6. ಸಂಘಟಕರ ತೀರ್ಮಾನವೇ ಅಂತಿಮ.

ಇದರಲ್ಲಿ ಮೊದಲು ನೋಡಬೇಕಾದ್ದು ಶುಲ್ಕ ಅಲ್ಲ. "ವಯಸ್ಸಿನ ಲೆಕ್ಕ 01-01-2026ಕ್ಕೆ" ಅನ್ನುವ ಆ ಪುಟ್ಟ ಸಾಲು.

ನಿಮ್ಮ ಮಗಳು ಹುಟ್ಟಿದ್ದು 2013ರ ಫೆಬ್ರವರಿ 9ರಂದು ಅಂತಿಟ್ಟುಕೊಳ್ಳಿ. ಆಟದ ದಿನಕ್ಕೆ ಅವಳಿಗೆ 13 ತುಂಬಿ ಒಂಬತ್ತು ತಿಂಗಳು ದಾಟಿರುತ್ತದೆ. ಹದಿಮೂರು ಆಗಿಹೋಯ್ತಲ್ಲ ಅಂತ ಮನೆಯವರು ಅವಳನ್ನು 15ರೊಳಗಿನ ವಿಭಾಗಕ್ಕೆ ಬರೆಸುತ್ತಾರೆ. ಆದರೆ ಈ ಪ್ರಕಟಣೆಯ ಪ್ರಕಾರ ಆಟದ ದಿನದ ವಯಸ್ಸು ಲೆಕ್ಕಕ್ಕೇ ಇಲ್ಲ. ಜನವರಿ 1ಕ್ಕೆ ಅವಳಿಗೆ 13 ತುಂಬಿರಲಿಲ್ಲ, ಇನ್ನೂ ಒಂದು ತಿಂಗಳ ಮೇಲೆ ಬಾಕಿ ಇತ್ತು. ಹಾಗಾಗಿ ಅವಳು 13ರೊಳಗಿನ ವಿಭಾಗದಲ್ಲೇ ಆಡಬಹುದು. ಅಷ್ಟೇ ಅಲ್ಲ, ಆ ವಿಭಾಗದ ದೊಡ್ಡ ಮಕ್ಕಳಲ್ಲಿ ಅವಳೂ ಒಬ್ಬಳು. ಅದನ್ನು ಬಿಟ್ಟು 15ಕ್ಕೆ ಹೋದರೆ ತನಗಿಂತ ಒಂದೂವರೆ, ಎರಡು ವರ್ಷ ದೊಡ್ಡವರ ಸ್ಮ್ಯಾಶ್ ಎದುರಿಸಬೇಕು. ಈ ವಯಸ್ಸಿನಲ್ಲಿ ಅದು ಸಣ್ಣ ಅಂತರ ಅಲ್ಲ.

ಲೆಕ್ಕ ಸುಲಭ. ಪ್ರಕಟಣೆಯಲ್ಲಿ ಕೊಟ್ಟ ವರ್ಷದಿಂದ ವಿಭಾಗದ ಸಂಖ್ಯೆ ಕಳೆಯಿರಿ. 2026ರಲ್ಲಿ 13 ಕಳೆದರೆ 2013. ಅಂದರೆ 01-01-2013ರ ನಂತರ ಹುಟ್ಟಿದವರು ಅರ್ಹರು. ಸರಿಯಾಗಿ ಜನವರಿ 1ರಂದೇ ಹುಟ್ಟಿದ ಮಗು ಇದ್ದರೆ ಮಾತ್ರ ಸಂಘಟಕರನ್ನು ಕೇಳಲೇಬೇಕು. ಕೆಲವರು "ಅಂದು ಅಥವಾ ನಂತರ" ಅಂತ ಬರೆದಿರುತ್ತಾರೆ, ಕೆಲವರು ಬರೆದಿರುವುದಿಲ್ಲ. ಶಾಲೆಗಳಲ್ಲಿ ಜನವರಿ 1ರ ಹುಟ್ಟುಹಬ್ಬದ ಮಕ್ಕಳೇನೂ ಕಮ್ಮಿ ಇಲ್ಲ ಬಿಡಿ.

ಎಲ್ಲ ಕ್ಲಬ್‌ನವರೂ ಇದೇ ಪದ್ಧತಿ ಇಟ್ಟುಕೊಂಡಿರುವುದಿಲ್ಲ. ಕೆಲವರು ವರ್ಷದ ಕೊನೆಗೆ ಲೆಕ್ಕ ಹಾಕುತ್ತಾರೆ. ಅಂಥ ಪ್ರಕಟಣೆಯಲ್ಲಿ "01-01-2014ರಂದು ಅಥವಾ ನಂತರ ಜನಿಸಿದವರು" ಅಂತ ಇರುತ್ತದೆ, ಆಗ ಇದೇ ಹುಡುಗಿ 13ರ ವಿಭಾಗಕ್ಕೆ ಬರುವುದಿಲ್ಲ. ಅಂಕೋಲೆಯಲ್ಲಿ 13ರಲ್ಲಿ ಆಡಿದ ಮಗು ಮುಂದಿನ ತಿಂಗಳು ಶಿರಸಿಯಲ್ಲಿ 15ರಲ್ಲಿ ಆಡಬೇಕಾಗಿ ಬಂದರೆ ಅದರಲ್ಲಿ ಮೋಸ ಏನೂ ಇಲ್ಲ, ಲೆಕ್ಕದ ದಿನ ಬೇರೆ ಅಷ್ಟೇ. ಶಾಲಾ ಕ್ರೀಡಾಕೂಟದ್ದು ಇನ್ನೊಂದು ದಾರಿ. ಅಲ್ಲಿ 14 ಮತ್ತು 17 ವರ್ಷದೊಳಗಿನವರು ಅನ್ನುವ ವಿಭಾಗಗಳು. "ಶಾಲೆಯಲ್ಲಿ 14ರಲ್ಲಿ ಆಡಿದಾಳೆ" ಅನ್ನುವುದು ಕ್ಲಬ್ ಟೂರ್ನಮೆಂಟಿಗೆ ಏನನ್ನೂ ಹೇಳುವುದಿಲ್ಲ. ಪ್ರಕಟಣೆಯಲ್ಲಿ ತಾರೀಕೇ ಇಲ್ಲದಿದ್ದರೆ ದುಡ್ಡು ಕಟ್ಟುವ ಮೊದಲು ಕೇಳಿ, ಉತ್ತರವನ್ನು ಮೆಸೇಜಿನಲ್ಲೇ ತರಿಸಿಕೊಳ್ಳಿ. ಫೋನಿನಲ್ಲಿ "ನಡೀತದೆ, ಹಾಕಿ" ಅಂದ ಮಾತು ಆಟದ ದಿನ ಯಾರಿಗೂ ನೆನಪಿರುವುದಿಲ್ಲ.

ಚಿಕ್ಕವರು ಮೇಲಿನ ವಿಭಾಗದಲ್ಲಿ ಆಡಬಹುದು, ದೊಡ್ಡವರು ಕೆಳಗಿನದರಲ್ಲಿ ಆಡುವ ಹಾಗಿಲ್ಲ. ನಮ್ಮ ಹುಡುಗಿಗೆ ಎರಡು ವಿಭಾಗ ಸಿಗುತ್ತದಲ್ಲ, 13ರ ಸಿಂಗಲ್ಸ್ ಮತ್ತು 15ರ ಡಬಲ್ಸ್ ಸಾಕು. ಎರಡೆರಡು ಸಿಂಗಲ್ಸ್ ಹಾಕಿಸಿದರೆ ಮಧ್ಯಾಹ್ನದ ಹೊತ್ತಿಗೆ ಕಾಲು ಬಿದ್ದುಹೋಗಿರುತ್ತದೆ. ಒಂದು ಕೋರ್ಟಿನಲ್ಲಿ ಆಡುತ್ತಿರುವಾಗಲೇ ಇನ್ನೊಂದರಲ್ಲಿ ಹೆಸರು ಕೂಗುವುದೂ ಉಂಟು.

80+ ಅಂದರೆ ಎಂಬತ್ತು ದಾಟಿದ ಅಜ್ಜಂದಿರ ವಿಭಾಗ ಅಲ್ಲ! ಜೋಡಿಯ ಇಬ್ಬರ ವಯಸ್ಸು ಕೂಡಿಸಿದರೆ ಕಡಿಮೆ ಅಂದರೂ 80 ಆಗಬೇಕು. ಅಪ್ಪನಿಗೆ 43, ಪಕ್ಕದ ಕ್ವಾರ್ಟರ್ಸಿನವರಿಗೆ 38 ಆದರೆ ಸರಿಹೋಯಿತು. 55ರವರೊಬ್ಬರು 25ರ ಹುಡುಗನನ್ನು ಜೊತೆ ಹಾಕಿಕೊಂಡು ಬರಬಾರದು ಅಂತ ಕೆಲವು ಕಡೆ ಒಬ್ಬೊಬ್ಬರಿಗೂ ಕನಿಷ್ಠ ವಯಸ್ಸು ಇಟ್ಟಿರುತ್ತಾರೆ. ಅದನ್ನೂ ನೋಡಿಕೊಳ್ಳಿ.

ಇನ್ನು ಕಾಗದ. ಜನನ ಪ್ರಮಾಣಪತ್ರದಲ್ಲಿ ಎರಡು ತಾರೀಕು ಇರುತ್ತವೆ, ಹುಟ್ಟಿದ್ದು ಒಂದು, ನೋಂದಣಿ ಆದದ್ದು ಇನ್ನೊಂದು. ಅರ್ಜಿಯಲ್ಲಿ ಗಡಿಬಿಡಿಯಿಂದ ಎರಡನೆಯದನ್ನು ಬರೆದವರಿದ್ದಾರೆ. ಕಾಗದ ನೋಡುವವರು ಮಾತ್ರ ಎರಡನ್ನೂ ಹೋಲಿಸುತ್ತಾರೆ. ಹುಟ್ಟಿದ 21 ದಿನದೊಳಗೆ ತಿಳಿಸಬೇಕು ಅನ್ನುವುದು ಕಾಯ್ದೆ. ನೋಂದಣಿ ವರ್ಷಗಟ್ಟಲೆ ತಡವಾಗಿದ್ದರೆ, ವಯಸ್ಸು ಇಳಿಸಿರಬಹುದೇ ಅಂತ ಸಂಶಯ ಬಂದು ಶಾಲೆಯ ದಾಖಲೆಯನ್ನೂ ಕೇಳಬಹುದು. ಹಾಗೆ ಕೇಳಿದರೆ ಬೇಜಾರು ಮಾಡಿಕೊಳ್ಳಬೇಡಿ, ವಯಸ್ಸು ಇಳಿಸಿ ಆಡಿಸುವವರು ಎಲ್ಲ ಕಡೆ ಇದ್ದಾರೆ. ಕರ್ನಾಟಕದಲ್ಲೇ ಹುಟ್ಟಿದ ಮಗುವಾದರೆ ಇ-ಜನ್ಮ ತಾಣದ ಪ್ರಮಾಣಪತ್ರ ಸಾಕು. ಮುಂಬಯಿ, ಗೋವಾ ಕಡೆ ಹುಟ್ಟಿದ ಮಗುವಿನದು ಅಲ್ಲಿಯದೇ ಆಗಬೇಕು, ಇಲ್ಲಿ ಸಿಗುವುದಿಲ್ಲ. ಸಾಮಾನು ಸಾಗಿಸುವಾಗ ಎಲ್ಲೋ ಸೇರಿಹೋಗಿದ್ದರೆ ಈಗಲೇ ಹುಡುಕಿಡಿ.

ಹೊಸಬರಿಗೆ ಜಾಸ್ತಿ ತೊಂದರೆ ಕೊಡುವುದು "ಉ.ಕ. ಜಿಲ್ಲೆಯ ಆಟಗಾರರಿಗೆ ಮಾತ್ರ" ಅನ್ನುವ ನಿಯಮ. ನೀವು ಇಲ್ಲೇ ಇದ್ದೀರಿ, ಆದರೆ ಆಧಾರ್‌ನಲ್ಲಿ ಇನ್ನೂ ಮೈಸೂರಿನದೋ ಕಲಬುರಗಿಯದೋ ವಿಳಾಸ. ಇಂಥ ಹೊತ್ತಿನಲ್ಲಿ ಇಲ್ಲಿನ ಶಾಲೆಯಿಂದ ವ್ಯಾಸಂಗ ಪ್ರಮಾಣಪತ್ರ ತೆಗೆದುಕೊಳ್ಳಿ. ಸಂಘಟಕರು ಸಾಮಾನ್ಯವಾಗಿ ಅದನ್ನು ಒಪ್ಪುತ್ತಾರೆ. ದೊಡ್ಡವರಿಗಾದರೆ ಕಚೇರಿಯ ಗುರುತಿನ ಚೀಟಿ ಅಥವಾ ಕ್ವಾರ್ಟರ್ಸ್ ಕೊಟ್ಟ ಆದೇಶದ ಪ್ರತಿ. ಮಗು ಮೊದಲಿದ್ದ ಊರಿನ ಜಿಲ್ಲಾ ಬ್ಯಾಡ್ಮಿಂಟನ್ ಸಂಸ್ಥೆಯಲ್ಲಿ ಹೆಸರು ನೋಂದಾಯಿಸಿದ್ದರೆ ಅದನ್ನು ಮುಚ್ಚಿಡಬೇಡಿ. ಮೊದಲೇ ಹೇಳಿದರೆ ದಾರಿ ಇರುತ್ತದೆ, ಸೆಮಿಫೈನಲ್‌ನಲ್ಲಿ ಎದುರಾಳಿಯ ಕಡೆಯವರು ಆಕ್ಷೇಪಣೆ ಎತ್ತಿದರೆ ದಾರಿ ಇರುವುದಿಲ್ಲ. ಸಂಘದವರು ಕ್ಲಬ್‌ನವರಿಗೆ ನಿಮ್ಮ ಪರಿಚಯ ಮಾಡಿಕೊಡಬಹುದು. ನಿಯಮ ಸಡಿಲಿಸಿ ಅಂತ ಮಾತ್ರ ಕೇಳುವುದಿಲ್ಲ.

ಶುಲ್ಕದಲ್ಲಿ ನೋಡಬೇಕಾದ್ದು ತಲೆಗೋ ಜೋಡಿಗೋ ಅನ್ನುವುದು. ಮೇಲೆ ಹೇಳಿದ ಹುಡುಗಿಯ ಮನೆಯ ಲೆಕ್ಕ ಹೀಗೆ: ಮಗಳ ಸಿಂಗಲ್ಸ್ 400, ಅವಳ ಡಬಲ್ಸ್‌ನ ಅರ್ಧ ಪಾಲು 350, ಅಪ್ಪನ 80+ ಡಬಲ್ಸ್‌ನ ಅರ್ಧ 350. ಒಟ್ಟು 1,100 ರೂಪಾಯಿ. ಡಬಲ್ಸ್‌ನಲ್ಲಿ ಇಬ್ಬರೂ ಪೂರ್ತಿ 700 ಕಳಿಸಿ ಆಮೇಲೆ ವಾಪಸ್ ಕೇಳುವ ಕಥೆ ಪ್ರತಿ ವರ್ಷ ನಡೆಯುತ್ತದೆ. ಒಬ್ಬರೇ ಕಟ್ಟಿ, ಇನ್ನೊಬ್ಬರು ಅವರಿಗೆ ಕೊಡಲಿ. ಯುಪಿಐನಲ್ಲಿ ಕಳಿಸುವಾಗ ಆಟಗಾರರ ಹೆಸರು, ವಿಭಾಗ ಎರಡನ್ನೂ ಟಿಪ್ಪಣಿಯಲ್ಲಿ ಬರೆಯಿರಿ. ಅಮ್ಮನ ಖಾತೆಯಿಂದ ಹೋದ ದುಡ್ಡು ಯಾವ ಮಗುವಿನದು ಅಂತ ಕ್ಲಬ್‌ನ ಖಜಾಂಚಿಗೆ ಹೇಗೆ ಗೊತ್ತಾಗಬೇಕು? 12 ಅಂಕಿಯ ಯುಟಿಆರ್ ಸಂಖ್ಯೆ ಕಾಣುವ ಹಾಗೆ ಸ್ಕ್ರೀನ್‌ಶಾಟ್ ಕಳಿಸಿ.

ಕೊನೆಯ ದಿನ ಅಂದರೆ ಅರ್ಜಿಯೂ ದುಡ್ಡೂ ಎರಡೂ ಸೇರಬೇಕಾದ ದಿನ. ಹದಿನೈದರ ಸಂಜೆ ಆರು ಗಂಟೆ ಅಂದಮೇಲೆ ಏಳಕ್ಕೆ ಫೋನ್ ಮಾಡಿ "ಒಂದು ಹೆಸರು ಸೇರಿಸಿಕೊಳ್ಳಿ ಸರ್" ಅನ್ನುವುದು ನಮಗೆಲ್ಲ ರೂಢಿ. ಅವರು ಒಲ್ಲೆ ಅನ್ನುವುದು ಹಟಕ್ಕಲ್ಲ, ಯಾರಿಗೆ ಯಾರು ಎದುರಾಳಿ ಅನ್ನುವ ಪಟ್ಟಿ, ಅಂದರೆ ಡ್ರಾ ಹಾಕಬೇಕಾಗಿರುತ್ತದೆ. ನಾಕೌಟ್ ಡ್ರಾ 8, 16, 32 ಹೀಗೆ ಇಮ್ಮಡಿಸುತ್ತಾ ಹೋಗುತ್ತದೆ. 13ರ ಬಾಲಕಿಯರಲ್ಲಿ 16 ಹೆಸರು ಬಂದರೆ ಲೆಕ್ಕ ನೇರ, 15 ಆಟ, ನಾಲ್ಕು ಸುತ್ತು. ಹದಿನೇಳನೆಯವಳು ಸೇರಿದರೆ 32ರ ಡ್ರಾ ಬೇಕು, 15 ಜನರಿಗೆ ಬೈ ಕೊಡಬೇಕು, ಅಂದರೆ ಮೊದಲ ಸುತ್ತು ಆಡಿಸದೆ ಮುಂದಕ್ಕೆ ಕಳಿಸಬೇಕು. ಆಟ ಒಂದೇ ಹೆಚ್ಚುತ್ತದೆ, ಆದರೆ ಸುತ್ತು ಐದಾಗುತ್ತದೆ, ಹಾಕಿಟ್ಟ ಪಟ್ಟಿ ಪೂರ್ತಿ ಬದಲಾಗುತ್ತದೆ. ಡ್ರಾ ಆದಮೇಲೆ ನೀವು ಹಿಂದೆ ಸರಿದರೂ ಹಾಗೇ. ಎದುರಾಳಿಗೆ ವಾಕ್‌ಓವರ್ ಸಿಗುತ್ತದೆ, ನಿಮ್ಮ ಶುಲ್ಕ ಹೋಗುತ್ತದೆ. ಹೆಸರು ಸಾಲದೆ ಅವರೇ ಒಂದು ವಿಭಾಗ ರದ್ದು ಮಾಡಿದರೆ ಮಾತ್ರ ದುಡ್ಡು ವಾಪಸ್ ಕೇಳುವುದು ನ್ಯಾಯ.

ಡ್ರಾ ಕಳಿಸಿದ ಕೂಡಲೇ ಮಗುವಿನ ಹೆಸರು, ವಿಭಾಗ, ಹಾಜರಾಗಬೇಕಾದ ಹೊತ್ತು ಮೂರನ್ನೂ ನೋಡಿ. ಒಂಬತ್ತಕ್ಕೆ ಹಾಜರಿ ಅಂದರೆ ಆಟ ಹನ್ನೊಂದಕ್ಕೂ ಆಗಬಹುದು, ಆದರೆ ಒಂಬತ್ತೂಕಾಲಿಗೇ ಹೆಸರು ಕೂಗಿದರೆ ನೀವು ಅಲ್ಲಿರಬೇಕು. ಶಿರಸಿ ಕಡೆಯಿಂದ ದೇವಿಮನೆ ಘಟ್ಟ ಇಳಿದು ಬರುವವರು ಹಿಂದಿನ ರಾತ್ರಿಯೇ ಬಂದು ಉಳಿಯುವುದು ಒಳ್ಳೆಯದು. ಶೂ ವಿಷಯದಲ್ಲಿ ರಿಯಾಯಿತಿ ಸಿಗುವುದಿಲ್ಲ. ಅಡಿಭಾಗ ಕಪ್ಪು ಗೆರೆ ಎಳೆಯುವಂಥದ್ದಾದರೆ ಕೋರ್ಟಿಗೆ ಇಳಿಸುವುದಿಲ್ಲ. ಮನೆಯ ಟೈಲ್ಸ್ ಮೇಲೆ ಒಮ್ಮೆ ಜೋರಾಗಿ ಉಜ್ಜಿ ನೋಡಿದರೆ ತಿಳಿಯುತ್ತದೆ. ಮಗು ಇಷ್ಟು ದಿನ ಪ್ಲಾಸ್ಟಿಕ್ ಶಟಲ್‌ನಲ್ಲೇ ಆಡಿದ್ದರೆ, ಆಟ ಫೆದರ್‌ನಲ್ಲೋ ಅಂತ ಕೇಳಿಕೊಂಡು ವಾರ ಮೊದಲೇ ಅದರಲ್ಲಿ ಆಡಿಸಿ. ಫೆದರ್ ಮೊದಲು ವೇಗವಾಗಿ ಹೋಗಿ ಆಮೇಲೆ ತಟ್ಟನೆ ಇಳಿಯುತ್ತದೆ, ಅಭ್ಯಾಸ ಇಲ್ಲದವರ ಹೊಡೆತವೆಲ್ಲ ನೆಟ್ಟಿಗೆ ಬೀಳುತ್ತವೆ. ಮೊದಲ ಸುತ್ತುಗಳಲ್ಲಿ 21ರ ಮೂರು ಗೇಮ್ ಬದಲು 30 ಪಾಯಿಂಟಿನ ಒಂದೇ ಗೇಮ್ ಆಡಿಸುವವರೂ ಇದ್ದಾರೆ. ಹಾಗಿದ್ದರೆ ಸೋತ ಗೇಮನ್ನು ಎರಡನೆಯದರಲ್ಲಿ ಸರಿಮಾಡಿಕೊಳ್ಳುವ ಅವಕಾಶ ಇರುವುದಿಲ್ಲ ಅಂತ ಮಗುವಿಗೆ ಮೊದಲೇ ಹೇಳಿಡಿ.