ಅರೇಬಿಕಾ ಕಿತ್ತಿದ್ದೇಕೆ? ಉತ್ತರದ ಪಟ್ಟಿ ಮಾಡಿದ ಬಗೆ

ಮೂಡಿಗೆರೆ ಸುತ್ತಮುತ್ತ ಸಣ್ಣ ಕಾಫಿ ಬೆಳೆಗಾರರು ಅರೇಬಿಕಾ ಗಿಡ ಕಿತ್ತು ಇನ್ನೊಂದು ಜಾತಿಯ ಕಾಫಿಯಾದ ರೋಬಸ್ಟಾ ಹಾಕುತ್ತಿದ್ದರು. ಯಾಕೆ ಅಂತ ತಿಳಿಯಲು ನಾವೊಂದು ಸಮೀಕ್ಷೆ ಮಾಡಿದೆವು. ಪ್ರಶ್ನಾವಳಿ ಬರೆಯುವ ಕೆಲಸ ನನ್ನದು.

ರೇಟು, ಕಾಂಡ ಕೊರೆಯುವ ಬೋರರ್ ಹುಳದ ಕಾಟ, ಆಳಿನ ಸಮಸ್ಯೆ, ಮಳೆ. ಈ ನಾಲ್ಕು ಆಯ್ಕೆ ಕೊಟ್ಟು ಟಿಕ್ ಹಾಕಿಸಿದರೆ ಸಾಕು ಅಂತ ತಂಡದಲ್ಲಿ ಕೆಲವರು ಹೇಳಿದರು. ನಾನು ಒಪ್ಪಲಿಲ್ಲ. ಪಟ್ಟಿ ಕೊಟ್ಟರೆ ಜನ ಅದರೊಳಗೇ ಉತ್ತರ ಹುಡುಕುತ್ತಾರೆ. ದೇಶದ ದೊಡ್ಡ ಸಮಸ್ಯೆ ಯಾವುದು ಅಂತ ಅಮೆರಿಕದಲ್ಲಿ ಶೂಮನ್ ಮತ್ತು ಸ್ಕಾಟ್ ಎಂಬ ಸಂಶೋಧಕರು ಜನರನ್ನು ಕೇಳಿದ್ದರು. ಪಟ್ಟಿ ಇಲ್ಲದೆ ಕೇಳಿದಾಗ, ಜನ ಅಪರೂಪಕ್ಕೆ ಹೇಳುವ ನಾಲ್ಕು ವಿಷಯಗಳಲ್ಲಿ ಯಾವುದಾದರೂ ಒಂದನ್ನು ಹೆಸರಿಸಿದವರು ಎಲ್ಲ ಸೇರಿ ಶೇ. 2.4. ಅದೇ ನಾಲ್ಕನ್ನು ಪಟ್ಟಿ ಮಾಡಿ, ಬೇರೆಯದನ್ನೂ ಹೇಳಬಹುದು ಅಂದಾಗಲೂ ಶೇ. 60 ಜನ ಅವುಗಳಲ್ಲೇ ಒಂದನ್ನು ಆರಿಸಿದರು. 1987ರಲ್ಲಿ ಪ್ರಕಟವಾದ ಅಧ್ಯಯನ ಅದು.

ಹಾಗಾಗಿ ಮೊದಲು ಸುಮಾರು ಮೂವತ್ತು ಬೆಳೆಗಾರರಿಗೆ ಮುಕ್ತ ಪ್ರಶ್ನೆ ಕೇಳಿದೆವು: "ಅರೇಬಿಕಾ ತೆಗೆಯಬೇಕು ಅಂತ ಅನ್ನಿಸಿದ್ದು ಯಾಕೆ?" ದೊಡ್ಡ ತೋಟ, ಸಣ್ಣ ತೋಟ, ವಯಸ್ಸಾದವರು, ಹೊಸಬರು ಎಲ್ಲರೂ ಇರುವಂತೆ ಆರಿಸಿದ್ದೆವು. ಅವರ ಮಾತನ್ನು ಅವರು ಹೇಳಿದ ಹಾಗೇ ಬರೆದುಕೊಳ್ಳಿ, ನಿಮ್ಮ ಭಾಷೆಗೆ ತಿರುಗಿಸಬೇಡಿ ಅಂತ ಪ್ರಶ್ನೆ ಕೇಳಲು ಹೋಗುವ ಹುಡುಗರಿಗೆ ಹೇಳಿದ್ದೆ.

ಹೆಚ್ಚಿನವರು ಮೊದಲು ಅಂದದ್ದು "ಆಳಿಲ್ಲ ಸಾರ್". ಅಲ್ಲಿಗೆ ಬಿಡದೆ "ಆಳಿಲ್ಲ ಅಂದ್ರೆ ಹೇಗೆ?" ಅಂತ ಕೇಳಿದಾಗ ವಿಷಯ ಬಿಚ್ಚಿಕೊಂಡಿತು. ಒಬ್ಬರಿಗೆ ಆಳೇ ಸಿಗುತ್ತಿರಲಿಲ್ಲ. ಇನ್ನೊಬ್ಬರಿಗೆ ಸಿಗುತ್ತಿದ್ದರು, ಆದರೆ ಕೂಲಿ ಕೊಡಲು ಕೈಲಾಗುತ್ತಿರಲಿಲ್ಲ. ಮೂರನೆಯವರ ಮಾತು ನಮ್ಮ ಯಾರ ತಲೆಗೂ ಹೊಳೆದಿರಲಿಲ್ಲ: "ಅರೇಬಿಕಾ ಹಣ್ಣಾದ್ರೆ ಕಾಯೋದಿಲ್ಲ, ಉದುರುತ್ತೆ. ರೋಬಸ್ಟಾ ಗಿಡದಲ್ಲೇ ನಿಲ್ಲುತ್ತೆ, ಆಳು ಬಂದಾಗ ಕೊಯ್ಯಬಹುದು." ಇವರಿಗೆ ಬೇಕಿದ್ದದ್ದು ಸಮಯ. ಮೂವರಿಗೂ "ಆಳಿನ ಸಮಸ್ಯೆ" ಅಂತ ಒಂದೇ ಟಿಕ್ ಬಿದ್ದಿದ್ದರೆ ಈ ವ್ಯತ್ಯಾಸ ಕಾಣುತ್ತಲೇ ಇರಲಿಲ್ಲ. ಬೋರರ್ ವಿಷಯದಲ್ಲೂ ಹೀಗೇ. ನೆರಳಿನ ಮರ ಹೋಗಿ ಬಿಸಿಲು ಬಿದ್ದ ಮೇಲೆ ಹುಳ ಜಾಸ್ತಿಯಾಯಿತು ಅಂದವರನ್ನು ಬೇರೆಯಾಗಿ ಗುರುತಿಸಿಕೊಂಡೆವು.

ಆಮೇಲೆ ಇಬ್ಬರು ಬೇರೆಬೇರೆ ಕೂತು ಉತ್ತರಗಳನ್ನು ಗುಂಪು ಮಾಡಿದೆವು. ಒಂದೇ ಉತ್ತರವನ್ನು ಇಬ್ಬರೂ ಬೇರೆ ಗುಂಪಿಗೆ ಹಾಕಿದ್ದರೆ ಆ ಗುಂಪಿನ ವಿವರಣೆಯನ್ನು ತಿದ್ದಿದೆವು. ಹೊಸ ಉತ್ತರಗಳು ಹೊಸ ಗುಂಪು ಕೇಳುವುದು ನಿಂತ ಮೇಲೆ ಆಯ್ಕೆಗಳ ಪಟ್ಟಿ ಮಾಡಿದೆವು. ಆಯ್ಕೆಗಳನ್ನು ಬರೆದದ್ದು ಬೆಳೆಗಾರರ ಮಾತಲ್ಲೇ.

ಯಾವ ಕಾರಣ ಎಷ್ಟು ಜನರಿಗೆ ಅನ್ನುವ ಲೆಕ್ಕವನ್ನು ಮೊದಲ ಹಂತದಿಂದ ತೆಗೆಯಲಿಲ್ಲ. ಅಷ್ಟು ಕಡಿಮೆ ಜನರಿಂದ ಅದು ಸಿಗುವುದಿಲ್ಲ. ಅಲ್ಲದೆ ಮುಕ್ತ ಪ್ರಶ್ನೆಗೆ ಮಾತುಗಾರರು ನಾಲ್ಕು ಕಾರಣ ಹೇಳುತ್ತಾರೆ, ಸಂಕೋಚದವರು ಒಂದೇ. ಲೆಕ್ಕಕ್ಕೆ ಆಯ್ಕೆ ಪ್ರಶ್ನೆಯೇ ಬೇಕು. ದೊಡ್ಡ ಸಮೀಕ್ಷೆಯಲ್ಲಿ ಆಯ್ಕೆಗಳ ಕ್ರಮವನ್ನು ಬದಲಿಸುತ್ತಾ ಹೋದೆವು, ಕೊನೆಗೆ "ಇತರೆ, ಏನು?" ಅಂತ ಖಾಲಿ ಸಾಲು ಇಟ್ಟೆವು. ಆ ಸಾಲನ್ನು ಪ್ರತಿದಿನ ಸಂಜೆ ಓದುತ್ತಿದ್ದೆ. ಅಲ್ಲಿ ಒಂದೇ ಮಾತು ಮತ್ತೆಮತ್ತೆ ಬಂದರೆ ಪಟ್ಟಿಯಲ್ಲಿ ಏನೋ ಬಿಟ್ಟುಹೋಗಿದೆ ಅಂತಲೇ ಲೆಕ್ಕ.