ಇಂಚಿಗೆ 300 ಎಂದರೆ ಸೆಂಟಿಮೀಟರಿಗೆ 118: ಸ್ಕ್ಯಾನ್ ಮಾಡುವಾಗ ನಾನು ಹಾಕುವ ಲೆಕ್ಕ

ಫೋಟೊವನ್ನೂ ಕಾಗದವನ್ನೂ ನಾನು ಅಳೆಯುವುದು ಸೆಂಟಿಮೀಟರಿನಲ್ಲಿ. ಸ್ಕ್ಯಾನರ್ ಮಾತ್ರ ಇಂಚಿಗೆ ಎಷ್ಟು ಚುಕ್ಕೆ ಎಂದು ಕೇಳುತ್ತದೆ. ಹಾಗಾಗಿ ಮೊದಲು ಡಿಪಿಐ ಅಂಕಿಯನ್ನು ಸೆಂಟಿಮೀಟರಿಗೆ ತಂದುಕೊಳ್ಳುತ್ತೇನೆ. ಆಮೇಲೆ ಸ್ಕೇಲಿನಲ್ಲಿ ಸಿಕ್ಕ ಅಳತೆಯಿಂದ ಗುಣಿಸಿದರೆ ಪಿಕ್ಸೆಲ್ ಎಷ್ಟೆಂದು ನೇರವಾಗಿ ಗೊತ್ತಾಗುತ್ತದೆ.

ಒಂದು ಇಂಚು ಎಂದರೆ ನಿಖರವಾಗಿ 2.54 ಸೆಂಟಿಮೀಟರ್. ಆದ್ದರಿಂದ ಡಿಪಿಐಯನ್ನು 2.54ರಿಂದ ಭಾಗಿಸಬೇಕು. 300 ಡಿಪಿಐ ಸೆಂಟಿಮೀಟರಿಗೆ 118.11 ಆಗುತ್ತದೆ, 600 ಆದರೆ 236.22, 1200 ಆದರೆ 472.44. ಭಾಗಿಸಬೇಕೋ ಗುಣಿಸಬೇಕೋ ಎಂಬ ಗೊಂದಲ ಬಂದರೆ ಸೆಂಟಿಮೀಟರ್ ಇಂಚಿಗಿಂತ ಚಿಕ್ಕದು ಎಂಬುದನ್ನು ನೆನೆದರೆ ಸಾಕು. ಚಿಕ್ಕ ಜಾಗದಲ್ಲಿ ಹಿಡಿಸುವ ಚುಕ್ಕೆಗಳೂ ಕಡಿಮೆಯೇ.

6 × 9 ಸೆಂ.ಮೀ.ನ ಹಳೆಯ ಫೋಟೊ ಒಂದನ್ನು 18 × 27 ಸೆಂ.ಮೀ.ಗೆ ದೊಡ್ಡದು ಮಾಡಿ ಮುದ್ರಿಸಬೇಕು ಎಂದಿಟ್ಟುಕೊಳ್ಳಿ. ಕೈಯಲ್ಲಿ ಹಿಡಿದು ನೋಡುವ ಮುದ್ರಣಕ್ಕೆ 300 ಡಿಪಿಐ ಸಾಕು. ಅಗಲ 18ನ್ನು 118.11ರಿಂದ ಗುಣಿಸಿದರೆ 2126 ಪಿಕ್ಸೆಲ್, ಎತ್ತರ 27ಕ್ಕೆ 3189 ಪಿಕ್ಸೆಲ್. ಇಷ್ಟೂ ಪಿಕ್ಸೆಲ್ ಮೂಲದ 6 ಸೆಂಟಿಮೀಟರಿನಿಂದಲೇ ಬರಬೇಕು. 2126ನ್ನು 6ರಿಂದ ಭಾಗಿಸಿದರೆ ಸೆಂಟಿಮೀಟರಿಗೆ ಸುಮಾರು 354, ಅಂದರೆ 900 ಡಿಪಿಐ. ಸ್ಕ್ಯಾನರಿನ ಪಟ್ಟಿಯಲ್ಲಿ 600 ಮತ್ತು 1200 ಮಾತ್ರ ಇದ್ದರೆ ನಾನು 1200 ಆರಿಸಿ, ಆಮೇಲೆ ಚಿತ್ರವನ್ನು 2126ಕ್ಕೆ ಇಳಿಸುತ್ತೇನೆ. 600ರಲ್ಲಿ ಸಿಗುವುದು 1417 ಪಿಕ್ಸೆಲ್ ಅಗಲ. ಅದನ್ನು 18 ಸೆಂ.ಮೀ.ಗೆ ಹರಡಿದರೆ ಸೆಂಟಿಮೀಟರಿಗೆ 79 ಮಾತ್ರ ಉಳಿಯುತ್ತದೆ. ಅದು 200 ಡಿಪಿಐ. ಕೂದಲು, ಬಟ್ಟೆಯ ನೇಯ್ಗೆಯಂಥ ಸಣ್ಣ ವಿವರಗಳಲ್ಲಿ ಆ ಕೊರತೆ ಕಾಣುತ್ತದೆ.

ಇಲ್ಲೊಂದು ಎಚ್ಚರಿಕೆ. ಪ್ರಿಂಟರಿನ ಪೆಟ್ಟಿಗೆಯ ಮೇಲೆ ಬರೆದಿರುವ 4800ರಂಥ ಅಂಕಿಯನ್ನು ಈ ಲೆಕ್ಕಕ್ಕೆ ತರಬಾರದು. ಅದು ಶಾಯಿಯ ಹನಿಗಳನ್ನು ಎಷ್ಟು ಹತ್ತಿರ ಇಡಬಹುದು ಎಂಬುದರ ಅಳತೆ. ಚಿತ್ರದ ಒಂದು ಪಿಕ್ಸೆಲಿನ ಬಣ್ಣ ಬರಲು ಅಂಥ ಹಲವು ಹನಿಗಳು ಬೇಕು.

ಹೆಚ್ಚಿನ ತಪ್ಪುಗಳು ಆಗುವುದು ಅಂಕಿಯಲ್ಲಲ್ಲ, ಅದರ ಪಕ್ಕದಲ್ಲಿರುವ ಅಳತೆಯ ಆಯ್ಕೆಯಲ್ಲಿ. ಚಿತ್ರ ತಿದ್ದುವ ತಂತ್ರಾಂಶದಲ್ಲಿ `pixels/cm` ಆಯ್ಕೆಯಾಗಿರುವುದನ್ನು ಗಮನಿಸದೆ 300 ಎಂದು ಹಾಕಿದರೆ ಅದು 762 ಡಿಪಿಐ ಆಗುತ್ತದೆ. 18 × 27 ಸೆಂ.ಮೀ. ಚಿತ್ರ 5400 × 8100 ಪಿಕ್ಸೆಲಿಗೆ ಉಬ್ಬುತ್ತದೆ. ಉದ್ದ ಅಗಲ ಎರಡೂ 2.54 ಪಟ್ಟು ಹೆಚ್ಚುವುದರಿಂದ ಒಟ್ಟು ಪಿಕ್ಸೆಲ್ ಸುಮಾರು ಆರೂವರೆ ಪಟ್ಟಾಗುತ್ತದೆ, ಹೊಸ ವಿವರ ಮಾತ್ರ ಒಂದಿಷ್ಟೂ ಸೇರುವುದಿಲ್ಲ. ಫೈಲು ಕಾರಣವಿಲ್ಲದೆ ದೊಡ್ಡದಾಗಿದ್ದರೆ ನಾನು ಮೊದಲು ನೋಡುವುದು ಇದನ್ನೇ. ತಿರುಗುಮುರುಗಾಗಿ, ಇಂಚಿನ ಆಯ್ಕೆ ಇದ್ದಾಗ 118 ಎಂದು ಹಾಕಿದರೆ, ಪಿಕ್ಸೆಲ್‌ಗಳು ಬದಲಾಗದಿದ್ದರೂ ಮುದ್ರಣದ ಅಗಲ ಸುಮಾರು 46 ಸೆಂ.ಮೀ. ಎಂದು ತೋರಿಸುತ್ತದೆ.

ಫೈಲಿನ ಒಳಗೆ ಏನು ಬರೆದಿದೆ ಎಂದು ನೋಡಲು ಇಮೇಜ್‌ಮ್ಯಾಜಿಕ್ ಇದ್ದರೆ ಈ ಆಜ್ಞೆ ಸಾಕು:

```
magick identify -format "%w %h %x %y %U\n" scan.png
```

ಇದು ಪಿಕ್ಸೆಲ್, ರೆಸಲ್ಯೂಶನ್ ಮತ್ತು ಅದರ ಅಳತೆಯನ್ನು ಒಟ್ಟಿಗೆ ತೋರಿಸುತ್ತದೆ. 300 ಡಿಪಿಐನ ಪಿಎನ್‌ಜಿ ಫೈಲಿಗೆ 118.11 ಎಂದು ಬಂದರೆ ಗಾಬರಿ ಬೇಡ. ಪಿಎನ್‌ಜಿಯಲ್ಲಿ ಇಂಚೇ ಇಲ್ಲ, ಅದು ಮೀಟರಿಗೆ 11811 ಎಂದು ಬರೆದಿಡುತ್ತದೆ. ಜೆಪೆಗ್‌ನ ಶೀರ್ಷಭಾಗದಲ್ಲಿ ಇಂಚು, ಸೆಂಟಿಮೀಟರ್ ಎರಡಕ್ಕೂ ಅವಕಾಶವಿದೆ, ಆದರೆ ಪೂರ್ಣಾಂಕ ಮಾತ್ರ ಹಿಡಿಸುತ್ತದೆ. ಸೆಂಟಿಮೀಟರಿಗೆ 118 ಎಂದು ಉಳಿದದ್ದು ಮತ್ತೆ ತೆರೆದಾಗ 299.72 ಡಿಪಿಐ ಎಂದು ಕಾಣುತ್ತದೆ. ಇಡೀ 18 ಸೆಂಟಿಮೀಟರಿನಲ್ಲಿ ಇದರ ವ್ಯತ್ಯಾಸ ಎರಡು ಪಿಕ್ಸೆಲ್ ಅಷ್ಟೆ. ಅದನ್ನು 300 ಮಾಡಲು ಹೋಗಿ ಚಿತ್ರವನ್ನು ಮತ್ತೆ ಮರುಗಾತ್ರ ಮಾಡಿದರೆ ಸುಮ್ಮನೆ ಮಸುಕಾಗುತ್ತದೆ, ಹಾಗೇ ಬಿಡಿ.

ಲೆಕ್ಕದ ಮೇಲೆ ಪೂರ್ತಿ ಭರವಸೆ ಇಡದೆ, ಮೊದಲ ಸ್ಕ್ಯಾನಿನಲ್ಲಿ ಫೋಟೊದ ಪಕ್ಕ ಒಂದು ಸ್ಕೇಲನ್ನೂ ಇಡುತ್ತೇನೆ. 1200 ಡಿಪಿಐ ಆದರೆ ಸ್ಕೇಲಿನ 0ಯಿಂದ 5 ಸೆಂ.ಮೀ. ಗೆರೆಯವರೆಗೆ ಸುಮಾರು 2362 ಪಿಕ್ಸೆಲ್ ಇರಬೇಕು. ಸುಮಾರು 930 ಬಂದರೆ, 472 ಎಂಬ ಅಂಕಿಯನ್ನು ಇಂಚಿನ ಖಾನೆಗೆ ಹಾಕಿದ್ದೇವೆ. 6000 ಬಂದರೆ, 1200 ಹೋಗಿ ಸೆಂಟಿಮೀಟರಿನ ಖಾನೆಯಲ್ಲಿ ಕೂತಿದೆ.